ಉದ್ದದ ಲಿಂಟಲ್ ನಡುವೆ ಇಳಿದರೆ: ದೋಷ ಹುಡುಕುವ ಕ್ರಮ, ಒಬ್ಬ ಕಲಿಯುವ ಹುಡುಗನ ಜೊತೆಗೆ

ಅಗಲವಾದ ಬಾಗಿಲಿನ ಮೇಲಿನ ಲಿಂಟಲ್ ನಡುವೆ ಇಳಿದಿದೆ ಅನ್ನಿಸಿದರೆ ಹೆಚ್ಚಿನವರು ಮೊದಲು ಮಾಡುವ ಕೆಲಸ ಎಂದರೆ ಬಿರುಕಿಗೆ ಸಿಮೆಂಟ್ ಮೆತ್ತಿ ಬಣ್ಣ ಹೊಡೆಯುವುದು. ದಯವಿಟ್ಟು ಅದನ್ನು ಮಾಡಬೇಡಿ. ಆ ಬಿರುಕು ಎಲ್ಲಿದೆ, ಯಾವ ದಿಕ್ಕಿಗೆ ಹೋಗಿದೆ, ಎಷ್ಟು ಅಗಲ ಇದೆ ಅನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ. ಮೆತ್ತಿಬಿಟ್ಟರೆ ಆ ಉತ್ತರ ಹೋಯಿತು.

ನಾನು ಇಲ್ಲಿ ಒಂದೇ ಒಂದು ಲಿಂಟಲ್ ಹಿಡಿದುಕೊಂಡು ಹೇಳುತ್ತೇನೆ. ಹಳ್ಳಿಯ ಒಂದು ಮನೆಯಲ್ಲಿ ಗಾಡಿ ನಿಲ್ಲಿಸೋಕೆ ಅಂತ 10 ಅಡಿ ಅಗಲದ ಬಾಗಿಲು ಬಿಟ್ಟಿದ್ದರು. ಬೇರೆ ಯಾರೋ ಕಟ್ಟಿದ ಕೆಲಸ. ಬಾಗಿಲು ತಾಗುತ್ತಿದೆ, ಸ್ವಲ್ಪ ಸವರಿ ಕೊಡಿ ಅಂತ ಊರಿನ ಮೇಸ್ತ್ರಿಯನ್ನು ಕರೆದರು. ಮೇಸ್ತ್ರಿ ಜೊತೆ ಕೆಲಸ ಕಲಿಯುವ ಹುಡುಗನೊಬ್ಬ ಇದ್ದ. ಕಂಬಿ ಕಟ್ಟೋದರಲ್ಲಿ ಕೈ ಚುರುಕು, ಪ್ರಶ್ನೆ ಕೇಳೋದರಲ್ಲಿ ಇನ್ನೂ ಚುರುಕು. ತೊಂದರೆ ಬಾಗಿಲಿನದ್ದಲ್ಲ ಅಂತ ಗೊತ್ತಾದ ಮೇಲೆ ಮೇಸ್ತ್ರಿ ನನಗೆ ಫೋನ್ ಮಾಡಿದರು. ಸೈಟಿಗೆ ಬಂದು ಲೆಕ್ಕ ಹಾಕಿ ಕೊಡುವುದು ನನ್ನ ಕೆಲಸ.

ಒಂದು ಎಚ್ಚರಿಕೆ ಮೊದಲೇ ಹೇಳಿಬಿಡುತ್ತೇನೆ. ಕೆಳಗಿನ ಪರೀಕ್ಷೆ ಮಾಡುವಾಗ ಲಿಂಟಲ್‌ನ ನೇರ ಕೆಳಗೆ ಮಕ್ಕಳು, ದನ, ಗಾಡಿ ಏನೂ ಇರಬಾರದು. ಏಣಿಯನ್ನು ಪಕ್ಕದ ಗೋಡೆಗೆ ಆನಿಸಿ, ಲಿಂಟಲ್‌ಗೆ ಬೇಡ. ಪ್ಲಾಸ್ಟರ್ ಜೋತಾಡುತ್ತಿದ್ದರೆ ತಲೆಗೆ ಹೆಲ್ಮೆಟ್ ಇಲ್ಲದೆ ಹತ್ತಿರ ಹೋಗಬೇಡಿ. ಲಿಂಟಲ್‌ನಿಂದ ಕಾಂಕ್ರೀಟ್ ತುಂಡು ಉದುರುತ್ತಿದ್ದರೆ ಈ ಬರಹವನ್ನು ಅಲ್ಲಿಗೇ ಬಿಟ್ಟು ಹೊರಗೆ ಬಂದು ಎಂಜಿನಿಯರ್‌ನ ಕರೆಸಿ.

## ಬಾಗಿಲು ನಡುವೆ ಮಾತ್ರ ಮೇಲೆ ತಾಗುತ್ತಿದೆ

ಎಲ್ಲರ ಕಣ್ಣಿಗೆ ಬೀಳುವ ಮೊದಲ ಲಕ್ಷಣ ಇದು. ಎರಡೂ ತುದಿಯಲ್ಲಿ ಬಾಗಿಲು ಸಲೀಸಾಗಿ ಓಡುತ್ತದೆ, ನಡುವೆ ಬಂದಾಗ ಉಜ್ಜುತ್ತದೆ. ಮಳೆಗೆ ಮರ ಊದಿಕೊಂಡರೂ ಹೀಗೇ ಆಗಬಹುದು, ಹಿಂಜ್ ಸಡಿಲವಾದರೂ ತಾಗಬಹುದು. ಆದ್ದರಿಂದ ಬಾಗಿಲನ್ನು ಸವರುವ ಮುಂಚೆ ಒಂದು ದಾರ ತೆಗೆದುಕೊಳ್ಳಿ. ಖರ್ಚಿಲ್ಲದ ಪರೀಕ್ಷೆ.

ಒಂದೇ ದಪ್ಪದ ಎರಡು ಮರದ ತುಂಡು ಬೇಕು. ನಾವು 50 ಮಿ.ಮೀ. ದಪ್ಪದವನ್ನು ತಗೊಂಡೆವು. ಲಿಂಟಲ್‌ನ ಕೆಳಮೈಗೆ, ಎರಡೂ ತುದಿಯಲ್ಲಿ ಒಂದೊಂದು ತುಂಡು ಒತ್ತಿ ಹಿಡಿದು, ಅವುಗಳ ಕೆಳಗಿನಿಂದ ನೈಲಾನ್ ದಾರವನ್ನು ಬಿಗಿಯಾಗಿ ಎಳೆದು ಕಟ್ಟಿ. ದಾರ ಸಡಿಲ ಇದ್ದರೆ ದಾರವೇ ಜೋಲುತ್ತದೆ, ಅಳತೆ ಸುಳ್ಳಾಗುತ್ತದೆ. ಬೆರಳಿನಿಂದ ಮೀಟಿದರೆ ಟಣ್ ಅನ್ನಬೇಕು. ಈಗ ದಾರಕ್ಕೂ ಲಿಂಟಲ್‌ಗೂ ನಡುವಿನ ಜಾಗ ಅಳೆಯಿರಿ. ಎಲ್ಲ ಕಡೆ 50 ಬಂದರೆ ಲಿಂಟಲ್ ನೆಟ್ಟಗಿದೆ, ಬಾಗಿಲನ್ನೇ ನೋಡಿ.

ನಮಗೆ ನಡುವೆ 25 ಸಿಕ್ಕಿತು. ಅಂದರೆ 25 ಮಿ.ಮೀ. ಇಳಿತ, ಹೆಚ್ಚುಕಡಿಮೆ ಒಂದು ಇಂಚು. ಇದು ಜಾಸ್ತಿನಾ ಕಡಿಮೆನಾ ಅಂತ ತಿಳಿಯೋಕೆ ಸಾಮಾನ್ಯವಾಗಿ ಬಳಸುವ ಮಿತಿ ಒಂದಿದೆ: ಒಂದು ಆಧಾರದ ಮಧ್ಯದಿಂದ ಇನ್ನೊಂದರ ಮಧ್ಯಕ್ಕೆ ಇರುವ ಉದ್ದವನ್ನು 250ರಿಂದ ಭಾಗಿಸಿ. ಇಲ್ಲಿ ಆ ಉದ್ದ ಹತ್ತೂವರೆ ಅಡಿ, ಅಂದರೆ 3200 ಮಿ.ಮೀ. 250ರಿಂದ ಭಾಗಿಸಿದರೆ 13 ಮಿ.ಮೀ. ಹತ್ತಿರ. ನಮ್ಮದು ಅದರ ಎರಡು ಪಟ್ಟು.

ನಡುವಿನ ಅಳತೆ ಒಂದನ್ನೇ ತಗೊಂಡು ಬಿಡಬೇಡಿ. ತುದಿಗೂ ನಡುವಿಗೂ ಮಧ್ಯದ ಜಾಗದಲ್ಲಿ, ಅಂದರೆ ಉದ್ದದ ಕಾಲು ಭಾಗದಲ್ಲಿ, ಮತ್ತೆ ಅಳೆಯಿರಿ. ಹೆಚ್ಚಿನವರು ಬಿಟ್ಟುಬಿಡುವ ಅಳತೆ ಇದು. ಲಿಂಟಲ್ ಬಿಲ್ಲಿನಂತೆ ಸಮವಾಗಿ ಬಾಗಿದ್ದರೆ ಕಾಲು ಭಾಗದಲ್ಲಿನ ಇಳಿತ ನಡುವಿನ ಇಳಿತದ ಶೇ. 70ರಷ್ಟು ಇರುತ್ತದೆ, ನಮ್ಮ ಲೆಕ್ಕಕ್ಕೆ 18 ಮಿ.ಮೀ. ಅದೇ ಅಲ್ಲಿ ಅರ್ಧದಷ್ಟೇ, ಅಂದರೆ 12-13 ಮಿ.ಮೀ. ಬಂದರೆ ಲಿಂಟಲ್ ಬಾಗಿಲ್ಲ, ನಡುವೆ ಒಂದೇ ಕಡೆ ಮಡಚಿಕೊಂಡಿದೆ. ಅಲ್ಲಿ ಕಂಬಿ ತನ್ನ ಮಿತಿ ದಾಟಿ ಎಳೆದುಕೊಂಡಿದೆ ಅಂತ ಅರ್ಥ, ಇನ್ನು ಮುಂದಿನ ಪರೀಕ್ಷೆ ಬೇಡ, ಕೂಡಲೇ ಆಧಾರ ಕೊಡಬೇಕು. ನಮಗೆ ಎರಡೂ ಕಡೆ 17, 18 ಬಂತು. ಮೇಸ್ತ್ರಿ ಉಸಿರು ಬಿಟ್ಟರು.

## ಕೆಳಮೈ ಇಳಿದಿದೆ, ಆದರೆ ಬಿರುಕೇ ಇಲ್ಲ

ಹೀಗೂ ಇರಬಹುದು. ಕಾಂಕ್ರೀಟ್ ಹಾಕುವ ದಿನ ಸೆಂಟ್ರಿಂಗ್ ಹಲಗೆ ನಡುವೆ ಕುಸಿದಿದ್ದರೆ, ಅಥವಾ ಹಲಗೆಯ ಕೆಳಗಿನ ಕಂಬ ಮೆತ್ತನೆ ಮಣ್ಣಿನಲ್ಲಿ ಕೂತಿದ್ದರೆ, ಲಿಂಟಲ್ ಹುಟ್ಟಿದ್ದೇ ಹೊಟ್ಟೆ ಬಿಟ್ಟುಕೊಂಡು. ಅದು ಬಾಗಿದ್ದಲ್ಲ. ನೋಡೋಕೆ ಮಾತ್ರ ಹಾಗೆ.

ಇವೆರಡನ್ನು ಬೇರೆ ಮಾಡುವುದು ಸುಲಭ. ಲಿಂಟಲ್ ಮೇಲಿನ ಮೊದಲ ಇಟ್ಟಿಗೆ ವರಸೆಗೆ ಇನ್ನೊಂದು ದಾರ ಹಿಡಿಯಿರಿ. ಹಲಗೆ ಕುಸಿದಿದ್ದರೂ ಕಾಂಕ್ರೀಟ್‌ನ ಮೇಲ್ಮೈಯನ್ನು ಅವತ್ತೇ ಸಮ ಮಾಡಿರುತ್ತಾರೆ, ಇಟ್ಟಿಗೆ ಅದರ ಮೇಲೆ ನೆಟ್ಟಗೆ ಕೂತಿರುತ್ತದೆ. ಆಗ ವರಸೆ ನೆಟ್ಟಗೆ, ಕೆಳಮೈ ಮಾತ್ರ ಇಳಿದಿರುತ್ತದೆ. ಲಿಂಟಲ್‌ನ ದಪ್ಪ ಅಳೆದರೆ ನಡುವೆ ಜಾಸ್ತಿ ಬರುತ್ತದೆ. ಅಂಥದ್ದಕ್ಕೆ ಬಾಗಿಲು ಸವರಿದರೂ ಸಾಕು. ಆದರೆ ಇಟ್ಟಿಗೆ ವರಸೆಯೂ ಲಿಂಟಲ್ ಜೊತೆಗೇ ಇಳಿದಿದ್ದರೆ, ಗೋಡೆ ಕಟ್ಟಿದ ಮೇಲೆ ಬಾಗಿದೆ ಅಂತ ಖಾತ್ರಿ.

ಹುಡುಗ ಗೋಡೆ ಪಕ್ಕ ಒಂದಷ್ಟು ಪ್ಲಾಸ್ಟರ್ ಕೆತ್ತಿ ದಾರ ಹಿಡಿದ. ವರಸೆಯೂ ಒಂದು ಇಂಚು ಇಳಿದಿತ್ತು.

## ಕೆಳಗಿನಿಂದ ಮೇಲಕ್ಕೆ ನೆಟ್ಟಗೆ ಹೋಗುವ ಸಣ್ಣ ಬಿರುಕುಗಳು

ಪ್ಲಾಸ್ಟರ್ ಬಿರುಕು ಬೇರೆ, ಕಾಂಕ್ರೀಟ್ ಬಿರುಕು ಬೇರೆ. ಬಿರುಕಿನ ಮೇಲೆ ಅಂಗೈ ಅಗಲದಷ್ಟು ಪ್ಲಾಸ್ಟರ್ ಮೆಲ್ಲಗೆ ತೆಗೆದು ನೋಡಿ. ಕಾಂಕ್ರೀಟ್‌ನಲ್ಲೂ ಗೆರೆ ಮುಂದುವರಿದಿದ್ದರೆ ಮಾತ್ರ ಲೆಕ್ಕಕ್ಕೆ ತಗೊಳ್ಳಿ. ನಮ್ಮ ಲಿಂಟಲ್‌ನಲ್ಲಿ ನಡುಭಾಗದಲ್ಲಿ ಒಂದೊಂದು ಗೇಣಿಗೆ ಒಂದರಂತೆ ಗೆರೆಗಳಿದ್ದವು. ಎಲ್ಲವೂ ಕೆಳಮೈಯಲ್ಲಿ ಶುರುವಾಗಿ ಮೇಲಕ್ಕೆ ಹೋಗುತ್ತಾ ತೆಳ್ಳಗಾಗಿ, ಮೇಲಿನ ಎರಡು ಇಂಚು ಇರುವಾಗಲೇ ನಿಂತುಬಿಟ್ಟಿದ್ದವು.

ಹುಡುಗನಿಗೆ ಇದೇ ಗೋಜಲು. "ಭಾರ ಇರೋದು ಮೇಲೆ ಅಲ್ವಾ ಮೇಸ್ತ್ರಿ? ಒಡೆದರೆ ಮೇಲಿಂದ ಒಡೀಬೇಕು. ಕೆಳಗಡೆ ಯಾಕೆ ಬಿಟ್ಕೊಂಡಿದೆ?"

ಮೇಸ್ತ್ರಿ ಬಾಯಿಮಾತಿನಲ್ಲಿ ಉತ್ತರ ಕೊಡಲಿಲ್ಲ. ಮೂಲೆಯಲ್ಲಿ ಬಿದ್ದಿದ್ದ ಹಳೇ ಹವಾಯಿ ಚಪ್ಪಲಿ ಎತ್ತಿಕೊಂಡರು. ದಪ್ಪ ರಬ್ಬರಿನದು. ಅದರ ಪಕ್ಕದ ಅಂಚಿನ ಮೇಲೆ ಪೆನ್ಸಿಲ್‌ನಿಂದ ಅರ್ಧರ್ಧ ಇಂಚಿಗೆ ಅಡ್ಡ ಗೆರೆ ಎಳೆದರು, ಆಮೇಲೆ ದಪ್ಪದ ಸರಿ ಮಧ್ಯದಲ್ಲಿ ಉದ್ದಕ್ಕೆ ಒಂದು ಗೆರೆ. ಎರಡು ಇಟ್ಟಿಗೆ ಮೇಲೆ ಅದರ ತುದಿಗಳನ್ನಿಟ್ಟು ನಡುವೆ ಹೆಬ್ಬೆರಳಿನಿಂದ ಒತ್ತಿದರು. "ಗೆರೆ ನೋಡೋ, ನನ್ನ ಕೈ ನೋಡಬೇಡ."

ಮೇಲಿನ ಅಂಚಿನಲ್ಲಿ ಅಡ್ಡ ಗೆರೆಗಳು ಹತ್ತಿರ ಬಂದವು. ಕೆಳಗಿನ ಅಂಚಿನಲ್ಲಿ ದೂರ ಸರಿದವು. ಮಧ್ಯದ ಉದ್ದ ಗೆರೆ ಬಾಗಿತು, ಆದರೆ ಅದರ ಮೇಲೆ ಗೆರೆಗಳ ನಡುವಿನ ಅಂತರ ಇದ್ದಷ್ಟೇ ಇತ್ತು. ಹುಡುಗ ಚಪ್ಪಲಿ ಇಸಕೊಂಡು ತಾನೇ ಮತ್ತೆ ಮತ್ತೆ ಒತ್ತಿ ನೋಡಿದ.

ಲಿಂಟಲ್ ಕೂಡ ಒಂದು ಬೀಮ್. ಬೀಮ್ ಬಾಗುವುದು ಅಂದರೆ ಇಷ್ಟೇ. ಮೇಲ್ಭಾಗ ಕುಗ್ಗುತ್ತದೆ, ಅಲ್ಲಿ ಒತ್ತಡ. ಕೆಳಭಾಗ ಹಿಗ್ಗುತ್ತದೆ, ಅಲ್ಲಿ ಎಳೆತ. ನಡುವೆ ಒಂದು ಪದರಕ್ಕೆ ಒತ್ತಡವೂ ಇಲ್ಲ ಎಳೆತವೂ ಇಲ್ಲ. ಇದು ಈಗ ಸುಲಭ ಅನ್ನಿಸುತ್ತದೆ, ಆದರೆ ಬೀಮ್‌ಗಳ ಬಲದ ಬಗ್ಗೆ 1638ರಲ್ಲಿ ಬರೆದ ಗೆಲಿಲಿಯೊಗೂ ಈ ನಡುವಿನ ಪದರ ಹೊಳೆಯಲಿಲ್ಲ. ಆಳ ಹೆಚ್ಚಿದರೆ ಬಲ ಹೇಗೆ ಏರುತ್ತದೆ ಅನ್ನುವುದನ್ನು ಅವರು ಸರಿಯಾಗಿಯೇ ಹೇಳಿದರು, ಆದರೆ ದಪ್ಪದ ಅಷ್ಟೂ ಭಾಗ ಎಳೆತದಲ್ಲೇ ಇರುತ್ತದೆ ಅಂದುಕೊಂಡಿದ್ದರು. ಹುಡುಗ ತಬ್ಬಿಬ್ಬಾದದ್ದರಲ್ಲಿ ತಪ್ಪೇನೂ ಇಲ್ಲ.

ಕಾಂಕ್ರೀಟ್ ಒತ್ತಡವನ್ನು ಚೆನ್ನಾಗಿ ತಡೆಯುತ್ತದೆ, ಎಳೆತವನ್ನು ಅದರ ಸುಮಾರು ಹತ್ತನೇ ಒಂದು ಭಾಗದಷ್ಟು ಮಾತ್ರ. ಅದಕ್ಕೇ ಕೆಳಗೆ ಕಂಬಿ. ಕೆಳಗಿನ ಕಾಂಕ್ರೀಟ್ ಸ್ವಲ್ಪ ಬಿರಿದ ಮೇಲೆಯೇ ಕಂಬಿ ಪೂರ್ತಿ ಕೆಲಸಕ್ಕೆ ಇಳಿಯೋದು. ಹಾಗಾಗಿ ಕೆಳಗೆ ಕೂದಲೆಳೆ ಬಿರುಕು ಕಂಡ ತಕ್ಷಣ ಗಾಬರಿ ಆಗಬೇಡಿ. ನೋಡಬೇಕಾದ್ದು ಅಗಲ. ನೋಟ್‌ಬುಕ್ಕಿನ ಒಂದು ಹಾಳೆ ಸುಮಾರು 0.1 ಮಿ.ಮೀ. ದಪ್ಪ. ಒಂದು ಹಾಳೆ ಕೂಡ ನುಗ್ಗದಿದ್ದರೆ ನಿಗಾ ಇಟ್ಟರೆ ಸಾಕು. ಮೂರು ಹಾಳೆ ಒಟ್ಟಿಗೆ ನುಗ್ಗಿದರೆ 0.3 ಮಿ.ಮೀ. ಆಯಿತು, ಸಾಮಾನ್ಯವಾಗಿ ಒಪ್ಪುವ ಮಿತಿ ಅದು. ಅದಕ್ಕಿಂತ ಜಾಸ್ತಿ ಇದ್ದರೆ ಲೆಕ್ಕ ಬಲ್ಲವರಿಗೆ ತೋರಿಸಿ. ನಮ್ಮಲ್ಲಿ ನಡುವಿನ ಎರಡು ಬಿರುಕಿಗೆ ನಾಲ್ಕು ಹಾಳೆ ಹೋಯಿತು.

ಬಿರುಕು ಇನ್ನೂ ಬೆಳೆಯುತ್ತಿದೆಯಾ ಅಂತ ತಿಳಿಯೋಕೆ ಅದರ ಮೇಲ್ತುದಿಯಲ್ಲಿ ಪೆನ್ಸಿಲ್‌ನಿಂದ ಅಡ್ಡ ಗೀಟು ಹಾಕಿ ಪಕ್ಕದಲ್ಲೇ ತಾರೀಕು ಬರೆಯಿರಿ. ವಾರ ಬಿಟ್ಟು ನೋಡಿದಾಗ ಗೀಟು ದಾಟಿ ಹೋಗಿದ್ದರೆ ಕಾಯಬೇಡಿ.

## ತುದಿಯ ಹತ್ತಿರ ಓರೆಯಾಗಿ ಹೋದ ಬಿರುಕು

ಇದು ಬೇರೆಯೇ ಜಾತಿ. ಗೋಡೆಯ ಮೇಲೆ ಲಿಂಟಲ್ ಕೂತಿರುವ ಜಾಗದಿಂದ ಶುರುವಾಗಿ ನಡುವಿನ ಕಡೆಗೆ ಓರೆಯಾಗಿ ಮೇಲೇರುವ ಬಿರುಕು ಕಂಡರೆ ಅದು ಬಾಗಿದ್ದರಿಂದ ಬಂದದ್ದಲ್ಲ, ಕತ್ತರಿಸುವ ಬಲದಿಂದ ಬಂದದ್ದು. ಬಾಗುವ ಲಿಂಟಲ್ ತಿಂಗಳುಗಟ್ಟಲೆ ಇಳಿಯುತ್ತಾ ಸೂಚನೆ ಕೊಡುತ್ತದೆ. ಓರೆ ಬಿರುಕು ಹಾಗಲ್ಲ, ಸೂಚನೆ ಇಲ್ಲದೆ ಒಮ್ಮೆಗೇ ಬೀಳಬಹುದು. ಉದ್ದದ ಕಂಬಿಗಳನ್ನು ಸುತ್ತಿ ಕಟ್ಟುವ ರಿಂಗ್‌ಗಳನ್ನು ದೂರ ದೂರ ಹಾಕಿದಾಗ, ಅಥವಾ ಕಂಬಿಯ ಲೆಕ್ಕ ಹಾಕಿ ರಿಂಗ್ ಮರೆತಾಗ ಹೀಗಾಗುತ್ತದೆ.

ಜೊತೆಗೆ ಲಿಂಟಲ್ ಗೋಡೆ ಮೇಲೆ ಎಷ್ಟು ಕೂತಿದೆ ಅಂತಲೂ ನೋಡಿ. 10 ಅಡಿಗೆ ಪ್ರತಿ ಕಡೆ 9 ಇಂಚು ಇದ್ದರೆ ನೆಮ್ಮದಿ. ಮೂರು ನಾಲ್ಕು ಇಂಚು ಮಾತ್ರ ಕೂತು, ಕೆಳಗಿನ ಇಟ್ಟಿಗೆ ಪುಡಿಯಾಗಿದ್ದರೆ, ಅಥವಾ ಓರೆ ಬಿರುಕು ಒಂದೇ ಒಂದಿದ್ದರೂ, ಅಲ್ಲಿಗೆ ನಿಲ್ಲಿಸಿ. ಆಧಾರ ಕೊಟ್ಟು ಎಂಜಿನಿಯರ್ ಬರುವವರೆಗೆ ಬಾಗಿಲು ಬಳಸಬೇಡಿ.

ನಮ್ಮ ಲಿಂಟಲ್‌ನಲ್ಲಿ ಓರೆ ಬಿರುಕು ಇರಲಿಲ್ಲ. ಎರಡೂ ಕಡೆ 6 ಇಂಚು ಕೂತಿತ್ತು, ಇಟ್ಟಿಗೆಯೂ ಗಟ್ಟಿ.

## ಉದ್ದಕ್ಕೆ ಬಿರುಕು, ಕಂದು ಕಲೆ, ಟೊಳ್ಳು ಸದ್ದು

ಇದು ತುಕ್ಕಿನ ಕೆಲಸ. ಕಂಬಿ ಹೋದ ದಾರಿಯಲ್ಲೇ ಬಿರುಕು ಓಡುತ್ತದೆ. ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ನೀರು ಎಲ್ಲಿಂದ ಇಳಿಯುತ್ತಿದೆ ಅಂತ ಮೊದಲು ಹುಡುಕಬೇಕು, ಆಮೇಲೆ ಉಳಿದದ್ದು. ನಮ್ಮಲ್ಲಿ ಇದೂ ಇರಲಿಲ್ಲ.

## ಲಿಂಟಲ್ ಮೇಲಿನ ಗೋಡೆಯಲ್ಲಿ ಮೆಟ್ಟಿಲು ಮೆಟ್ಟಿಲಾದ ಬಿರುಕು

ಬಾಗಿಲಿನ ಎರಡು ಮೂಲೆಯಿಂದ ಇಟ್ಟಿಗೆ ಸಂದಿ ಹಿಡಿದು ಮೆಟ್ಟಿಲಿನಂತೆ ಏರಿ, ಮೇಲೆ ಒಂದನ್ನೊಂದು ಕೂಡುವ ಬಿರುಕುಗಳನ್ನು ಕೆಲವು ಮನೆಗಳಲ್ಲಿ ನೋಡಿರುತ್ತೀರಿ. ಆ ತ್ರಿಕೋನದ ಒಳಗಿನ ಇಟ್ಟಿಗೆ ಲಿಂಟಲ್ ಜೊತೆ ಇಳಿದಿದೆ, ಹೊರಗಿನದು ತನ್ನಷ್ಟಕ್ಕೆ ಕಮಾನಿನಂತೆ ನಿಂತು ಭಾರವನ್ನು ಪಕ್ಕದ ಗೋಡೆಗೆ ಕಳಿಸಿದೆ ಅಂತ ಅದರ ಅರ್ಥ.

ಗೋಡೆ ತನ್ನ ಭಾರ ತಾನೇ ಹೊರುತ್ತದೆ, ಲಿಂಟಲ್‌ಗೆ ಬರೋದು ಈ ತ್ರಿಕೋನದಷ್ಟೇ ಅಂತ ಹಲವರು ನಂಬಿಕೊಂಡಿರುತ್ತಾರೆ. ನಂಬಿಕೆ ಸರಿ, ಆದರೆ ಷರತ್ತಿದೆ. ಅಷ್ಟು ಎತ್ತರದ ಗೋಡೆ ಮೇಲೆ ಇರಬೇಕು, ಪಕ್ಕದಲ್ಲೂ ತಳ್ಳು ತಡೆಯುವಷ್ಟು ಗೋಡೆ ಇರಬೇಕು. ತ್ರಿಕೋನವನ್ನು 60 ಡಿಗ್ರಿ ಅಂತ ಹಿಡಿದರೆ ಹತ್ತೂವರೆ ಅಡಿಗೆ ಅದರ ತುದಿ 9 ಅಡಿ ಮೇಲೆ ಬರುತ್ತದೆ. ನಮ್ಮ ಲಿಂಟಲ್ ಮೇಲೆ ಇದ್ದದ್ದು ಎರಡೂವರೆ ಅಡಿ ಗೋಡೆ, ಆಮೇಲೆ ಸ್ಲ್ಯಾಬ್. ಕಮಾನು ಕಟ್ಟಿಕೊಳ್ಳೋಕೆ ಜಾಗವೇ ಇಲ್ಲ. ಮೇಲಿನ ಇಟ್ಟಿಗೆಯಷ್ಟೂ ಲಿಂಟಲ್ ತಲೆ ಮೇಲೆ. ನಮ್ಮ ಗೋಡೆಯಲ್ಲಿ ಮೆಟ್ಟಿಲು ಬಿರುಕು ಕಾಣದೆ, ಸ್ಲ್ಯಾಬ್ ಕೆಳಗೆ ಉದ್ದಕ್ಕೆ ಒಂದು ಸಂದಿ ಕಂಡದ್ದು ಅದಕ್ಕೇ: ಗೋಡೆ ಪೂರ್ತಿ ಲಿಂಟಲ್ ಜೊತೆ ಕೆಳಗೆ ಬಂದಿತ್ತು.

ಆ ಸಂದಿಯಿಂದ ಇನ್ನೊಂದು ವಿಷಯವೂ ತಿಳಿಯಿತು. ಸ್ಲ್ಯಾಬ್ ಈ ಗೋಡೆಯ ಮೇಲೆ ಭಾರ ಹಾಕುತ್ತಿಲ್ಲ. ಸ್ಲ್ಯಾಬ್ ಸಾಮಾನ್ಯವಾಗಿ ಕೋಣೆಯ ಕಿರಿದಾದ ಅಳತೆಯನ್ನು ದಾಟಿ ಎರಡು ಗೋಡೆಗಳ ಮೇಲೆ ಕೂರುತ್ತದೆ, ಇಲ್ಲಿ ಅವು ಅಕ್ಕಪಕ್ಕದ ಗೋಡೆಗಳು. ಇದು ಅದೃಷ್ಟ. ಸ್ಲ್ಯಾಬ್‌ನ ಅರ್ಧ ಭಾರ ಈ ಲಿಂಟಲ್ ಮೇಲೆ ಬಿದ್ದಿದ್ದರೆ ಗೋಡೆ ಭಾರದ ಎರಡು ಪಟ್ಟಿಗೂ ಹೆಚ್ಚು ಸೇರುತ್ತಿತ್ತು, ಆಗ ಇಳಿತ ಅಳೆಯುವ ಮಾತೇ ಇರುತ್ತಿರಲಿಲ್ಲ. ಸ್ಲ್ಯಾಬ್ ಯಾವ ಗೋಡೆ ಮೇಲೆ ಕೂತಿದೆ ಅಂತ ಗೊತ್ತಿಲ್ಲದೆ ಯಾವ ಲಿಂಟಲ್‌ಗೂ ಉಳಿ ಹಾಕಬೇಡಿ.

## "ಅದೇ ಕಂಬಿ, ಅದೇ ದಪ್ಪ, ಬೇರೆ ಬಾಗಿಲುಗಳೆಲ್ಲ ಚೆನ್ನಾಗಿವೆ"

ಈ ದೂರನ್ನು ನಾನು ಬೇಕಾದಷ್ಟು ಕೇಳಿದ್ದೇನೆ. ಆ ಹುಡುಗನೂ ಅದನ್ನೇ ಕೇಳಿದ. ಅದೇ ಮನೆಯ 4 ಅಡಿ ಬಾಗಿಲಿನ ಲಿಂಟಲ್ ತೋರಿಸಿ, "ಇದಕ್ಕೂ 9 ಇಂಚು ಅಗಲ, 6 ಇಂಚು ಎತ್ತರ, ಕೆಳಗೆ 10 ಎಂಎಂ ಎರಡು, ಮೇಲೆ 8 ಎಂಎಂ ಎರಡು. ನಾವೂ ಹೀಗೇ ಹಾಕೋದು. ಇದಕ್ಕೆ ಏನೂ ಆಗಿಲ್ವಲ್ಲ ಸಾರ್?" ಅಂದ.

ಮರಳಿನ ಮೇಲೆ ಕಡ್ಡಿಯಿಂದ ಲೆಕ್ಕ ಬರೆದೆ. ಎರಡೂವರೆ ಅಡಿ ಇಟ್ಟಿಗೆ ಗೋಡೆ, ಪ್ಲಾಸ್ಟರ್, ಲಿಂಟಲ್‌ನ ಸ್ವಂತ ತೂಕ ಎಲ್ಲ ಸೇರಿ ಒಂದು ಮೀಟರ್ ಉದ್ದಕ್ಕೆ ಸುಮಾರು 440 ಕೆ.ಜಿ. ದೊಡ್ಡ ಬಾಗಿಲಿಗೆ ಉದ್ದ 3.2 ಮೀಟರ್, ಒಟ್ಟು ಭಾರ 1400 ಕೆ.ಜಿ. ಭಾರ ಉದ್ದಕ್ಕೂ ಸಮವಾಗಿ ಹರಡಿ, ಎರಡು ತುದಿಯಲ್ಲಿ ಸುಮ್ನೆ ಕೂತಿರುವ ಬೀಮ್‌ಗೆ ನಡುವೆ ಬರುವ ಬಾಗಿಸುವ ಬಲದ ಲೆಕ್ಕ ಹೀಗೆ. M ಅಂದರೆ ಆ ಬಾಗಿಸುವ ಬಲ, W ಒಟ್ಟು ಭಾರ, L ಉದ್ದ:

```
M = W × L ÷ 8
1400 × 3.2 ÷ 8 = 560
 600 × 1.37 ÷ 8 = 103
```

ಮೊದಲನೆಯದು 10 ಅಡಿ ಬಾಗಿಲು, ಎರಡನೆಯದು 4 ಅಡಿಯದು. ಚಿಕ್ಕದಕ್ಕೂ ಪೂರ್ತಿ ಗೋಡೆಯ ಭಾರ ಹಾಕಿಯೇ ಲೆಕ್ಕ ಮಾಡಿದ್ದೇನೆ, ಹೋಲಿಸೋಕೆ ಸುಲಭ ಆಗಲಿ ಅಂತ. ಉದ್ದ ಸುಮಾರು 2.3 ಪಟ್ಟು ಆದಾಗ ಬಾಗಿಸುವ ಬಲ ಐದು ಪಟ್ಟು ದಾಟಿತು. ಯಾಕಂದರೆ ಉದ್ದ ಇಲ್ಲಿ ಎರಡು ಸಲ ಲೆಕ್ಕಕ್ಕೆ ಬರುತ್ತದೆ: ಒಂದು ಸಲ ಭಾರ ಹೆಚ್ಚಿಸುತ್ತದೆ, ಇನ್ನೊಂದು ಸಲ ಆ ಭಾರವನ್ನು ಆಧಾರದಿಂದ ದೂರ ಇಡುತ್ತದೆ.

ಇಳಿತದ ವಿಷಯ ಇನ್ನೂ ಕಠಿಣ. ಅದರಲ್ಲಿ ಉದ್ದ ನಾಲ್ಕು ಸಲ ಬರುತ್ತದೆ. ಅದೇ ದಪ್ಪದ ಲಿಂಟಲ್ ಬಿರುಕು ಬಿಡದೆ ಇದ್ದರೂ ಈ ಉದ್ದಕ್ಕೆ ಚಿಕ್ಕದಕ್ಕಿಂತ ಸುಮಾರು 30 ಪಟ್ಟು ಇಳಿಯುತ್ತದೆ. ಬಿರುಕು ಬಿಟ್ಟ ಮೇಲೆ ಅದಕ್ಕಿಂತಲೂ ಜಾಸ್ತಿ, ಏಕೆಂದರೆ ಬಿರಿದ ಕಾಂಕ್ರೀಟ್ ಬಾಗುವುದನ್ನು ತಡೆಯೋಕೆ ನೆರವಾಗುವುದಿಲ್ಲ. ಚಿಕ್ಕ ಲಿಂಟಲ್ ಬಿರುಕು ಬಿಡುವ ಹಂತಕ್ಕೇ ಹೋಗಿರಲಿಲ್ಲ. ಅದಕ್ಕೆ ಹಾಕಿದ್ದ ಕಂಬಿಗೆ ನಿಜವಾದ ಕೆಲಸವೇ ಬಂದಿರಲಿಲ್ಲ ಅಂತಲೇ ಹೇಳಬಹುದು. ಅದು ಚೆನ್ನಾಗಿದೆ ಅನ್ನುವುದು ದೊಡ್ಡದಕ್ಕೆ ಸಾಕ್ಷಿ ಆಗುವುದಿಲ್ಲ.

ಈಗ ಕಂಬಿಗೆ ಬಂದ ಎಳೆತ. ಮೇಲಿನ ಒತ್ತಡಕ್ಕೂ ಕೆಳಗಿನ ಎಳೆತಕ್ಕೂ ನಡುವೆ ಎಷ್ಟು ಅಂತರ ಇದೆಯೋ ಅದರಿಂದ ಆ 560ನ್ನು ಭಾಗಿಸಬೇಕು. 6 ಇಂಚಿನ ಲಿಂಟಲ್‌ನಲ್ಲಿ ಕಂಬಿ ಸರಿಯಾದ ಜಾಗದಲ್ಲಿದ್ದರೆ ಆ ಅಂತರ 10 ಸೆಂ.ಮೀ. ಹತ್ತಿರ. 560ನ್ನು 0.1ರಿಂದ ಭಾಗಿಸಿದರೆ 5600 ಕೆ.ಜಿ. ಎಳೆತ, ಎರಡು ಕಂಬಿಯಲ್ಲಿ ಒಂದೊಂದಕ್ಕೆ 2.8 ಟನ್. ಇವತ್ತು ಸಾಮಾನ್ಯವಾಗಿ ಸಿಗುವ 500 ದರ್ಜೆಯ 10 ಎಂಎಂ ಕಂಬಿ 4 ಟನ್ ಹತ್ತಿರ ಬಂದಾಗ ಶಾಶ್ವತವಾಗಿ ಹಿಗ್ಗಲು ಶುರುಮಾಡುತ್ತದೆ. ಅಂದರೆ ಕಂಬಿ ಮಿತಿಯ ಮುಕ್ಕಾಲು ಭಾಗಕ್ಕೆ ಹತ್ತಿರ ಬಂದಿದೆ. ಬೀಳುವುದಿಲ್ಲ, ಆದರೆ ಸಾಕಷ್ಟು ಮೀಸಲು ಬಲ ಇಲ್ಲ. ಚಿಕ್ಕ ಬಾಗಿಲಿನಲ್ಲಿ ಅದೇ ಕಂಬಿಗೆ ಬರೋದು ಅರ್ಧ ಟನ್.

ಹುಡುಗ ಸ್ವಲ್ಪ ಹೊತ್ತು ಅಂಕಿಗಳನ್ನೇ ನೋಡಿದ. "ಹಾಗಾದ್ರೆ ಕಂಬಿ ಇನ್ನೆರಡು ಜಾಸ್ತಿ ಹಾಕಿದ್ರೆ ಆಗ್ತಿತ್ತು?"

ಸ್ವಲ್ಪ ಆಗುತ್ತಿತ್ತು. ಆದರೆ ಅದಕ್ಕಿಂತ ಒಳ್ಳೆಯ ದಾರಿ ಎತ್ತರ. ಲಿಂಟಲ್ ಎತ್ತರವನ್ನು 6ರಿಂದ 12 ಇಂಚು ಮಾಡಿದರೆ ಒತ್ತಡ ಮತ್ತು ಎಳೆತದ ನಡುವಿನ ಅಂತರ 10ರಿಂದ 24 ಸೆಂ.ಮೀ.ಗೆ ಏರುತ್ತದೆ. ಅದೇ ಎರಡು 10 ಎಂಎಂ ಕಂಬಿಯಲ್ಲಿ ಒಂದೊಂದಕ್ಕೆ ಆಗ ಬರುವ ಎಳೆತ ಒಂದೂಕಾಲು ಟನ್ ಕೂಡ ದಾಟುವುದಿಲ್ಲ. ಇಳಿತಕ್ಕೆ ಎತ್ತರ ಮೂರು ಸಲ ಲೆಕ್ಕಕ್ಕೆ ಬರುತ್ತದೆ, ಎತ್ತರ ಎರಡು ಪಟ್ಟಾದರೆ ಬಾಗುವುದನ್ನು ತಡೆಯುವ ಬಿಗುವು ಎಂಟು ಪಟ್ಟು. ಅಗಲ ಎರಡು ಪಟ್ಟು ಮಾಡಿದ್ದರೆ ಬಿಗುವು ಬರೀ ಎರಡು ಪಟ್ಟು. ಹುಡುಗನ ಕೈಗೆ ಒಂದು ಹಲಗೆ ಕೊಟ್ಟು, ಮಲಗಿಸಿ ಒಮ್ಮೆ, ಅಂಚಿನ ಮೇಲೆ ನಿಲ್ಲಿಸಿ ಒಮ್ಮೆ ಬಾಗಿಸೋಕೆ ಹೇಳಿದೆ. ಎರಡನೇ ಸಲ ಅವನಿಂದ ಆಗಲಿಲ್ಲ.

## ಲೆಕ್ಕ ಹೇಳಿದ್ದಕ್ಕಿಂತ ಜಾಸ್ತಿ ಇಳಿದಿದ್ದರೆ

ಲೆಕ್ಕದಿಂದ ಬರುವ ಇಳಿತಕ್ಕೂ ನಮ್ಮ 25 ಮಿ.ಮೀ.ಗೂ ಪೂರ್ತಿ ತಾಳೆ ಆಗಲಿಲ್ಲ. ಇದ್ದದ್ದು ಜಾಸ್ತಿ. ಇಂಥ ಕಡೆ ಎರಡು ಕಾರಣ ಹುಡುಕಬೇಕು, ಎರಡೂ ಹೊರಗಿನಿಂದ ಕಾಣುವುದಿಲ್ಲ. ಇಲ್ಲಿಂದ ಮುಂದೆ ಉಳಿ ಹಿಡಿಯಬೇಕು, ಆದ್ದರಿಂದ ಮೊದಲು ಆಧಾರ.

ಆಧಾರ ಕೊಡುವ ಕ್ರಮ: ನೆಲದ ಮೇಲೆ ದಪ್ಪ ಹಲಗೆ, ಅದರ ಮೇಲೆ ಕಬ್ಬಿಣದ ಪ್ರಾಪ್, ಮೇಲೆ ಲಿಂಟಲ್‌ನ ಉದ್ದಕ್ಕೂ ಒಂದು ಗಟ್ಟಿ ಮರದ ತೊಲೆ. ಕನಿಷ್ಠ ಮೂರು ಪ್ರಾಪ್. ಸ್ಕ್ರೂವನ್ನು ಬಿಗಿ ಆಗುವವರೆಗೆ ಮಾತ್ರ ತಿರುಗಿಸಿ. ಇಳಿದದ್ದನ್ನು ಎತ್ತಿ ನೆಟ್ಟಗೆ ಮಾಡುತ್ತೇನೆ ಅಂತ ಜಾಕಿ ಕೊಡಲೇಬೇಡಿ. ಬಿರುಕಿನೊಳಗೆ ಪುಡಿ ತುಂಬಿಕೊಂಡಿರುತ್ತದೆ, ಅದು ಮುಚ್ಚಿಕೊಳ್ಳುವುದಿಲ್ಲ. ಅದರ ಬದಲು ಮೇಲೆ ಎಳೆತ ಹುಟ್ಟಿ ಮೇಲ್ಮೈ ಒಡೆಯುತ್ತದೆ.

ಪ್ರಾಪ್ ನಿಂತ ಮೇಲೆ ಪಕ್ಕದಿಂದ, ನಡುಭಾಗ ಬಿಟ್ಟು, ಬೆಂಕಿಪೊಟ್ಟಣದಷ್ಟು ಜಾಗ ಕೆತ್ತಿ ಕಂಬಿ ಹುಡುಕಿದೆವು. ಕಂಬಿಯ ಕೆಳಗೆ 25 ಮಿ.ಮೀ. ಕಾಂಕ್ರೀಟ್ ಇರಬೇಕಿತ್ತು. ಇದ್ದದ್ದು 40. ಮೇಸ್ತ್ರಿ ಕೆಳಗೆ ಬೆರಳು ಹಾಕಿ ಒಂದು ಜಲ್ಲಿಕಲ್ಲು ಕಿತ್ತು ತೋರಿಸಿದರು. ಕಂಬಿಯನ್ನು ಹಲಗೆಯಿಂದ ಎತ್ತಿ ಹಿಡಿಯುವ ಕವರ್ ಬ್ಲಾಕ್ ಇಲ್ಲದ್ದಕ್ಕೆ ಅದರ ಕೆಳಗೆ ದಪ್ಪ ಜಲ್ಲಿ ಇಟ್ಟಿದ್ದರು.

ಹದಿನೈದು ಮಿ.ಮೀ. ಅಂದರೆ ಏನು ಮಹಾ ಅನ್ನಿಸುತ್ತದೆ. ಆದರೆ 6 ಇಂಚಿನ ಲಿಂಟಲ್‌ನಲ್ಲಿ ಅದರಿಂದ ಆ 10 ಸೆಂ.ಮೀ. ಅಂತರ 9ಕ್ಕೆ ಇಳಿಯಿತು, ಪ್ರತಿ ಕಂಬಿಯ ಎಳೆತ 2.8 ಟನ್‌ನಿಂದ 3.1 ಟನ್‌ಗೆ ಏರಿತು, ಬಿರುಕು ಬಿಟ್ಟ ಲಿಂಟಲ್‌ನ ಬಿಗುವು ನಾಲ್ಕನೇ ಒಂದು ಭಾಗ ಹೋಯಿತು. ತೆಳ್ಳಗಿನ ಬೀಮ್‌ನಲ್ಲಿ ಕಂಬಿ ಎಲ್ಲಿದೆ ಅನ್ನುವುದು ಎಷ್ಟು ಕಂಬಿ ಅನ್ನುವಷ್ಟೇ ಮುಖ್ಯ. ಮಧ್ಯದ ಪದರಕ್ಕೆ ಹತ್ತಿರ ಬಂದಷ್ಟೂ ಕಂಬಿ ಸುಮ್ಮನೆ ಕೂರುತ್ತದೆ, ಚಪ್ಪಲಿಯ ಮಧ್ಯದ ಗೆರೆ ಹಿಗ್ಗದೆ ಇದ್ದದ್ದು ಅದಕ್ಕೇ.

ಎರಡನೇ ಕಾರಣ ಮನೆಯವರ ಬಾಯಿಂದ ಬಂತು. ಸೆಂಟ್ರಿಂಗನ್ನು ವಾರಕ್ಕೆ ಬಿಚ್ಚಿ ಮೇಲೆ ಗೋಡೆ ಕಟ್ಟಿದ್ದರಂತೆ. ಈ ಉದ್ದದ ಬೀಮ್ ಕೆಳಗಿನ ಆಧಾರ ಕನಿಷ್ಠ 14 ದಿನ ಇರಬೇಕು. ಎಳೆಯ ಕಾಂಕ್ರೀಟ್ ಬೇಗ ಬಿರುಕು ಬಿಡುವುದಷ್ಟೇ ಅಲ್ಲ, ಎಳೆಯದಾಗಿದ್ದಾಗಲೇ ಭಾರ ಹೊತ್ತರೆ ವರ್ಷಗಟ್ಟಲೆ ನಿಧಾನವಾಗಿ ಇಳಿಯುತ್ತಲೇ ಇರುತ್ತದೆ. ಕಟ್ಟಿದಾಗ ನೆಟ್ಟಗಿದ್ದ ಬಾಗಿಲು ಮುಂದೆಂದೋ ತಾಗಲು ಶುರುವಾಗುವುದು ಹೀಗೆ.

## ಏನು ಮಾಡಿದೆವು

ನಡುವೆ ಒಂದು ಕಂಬ ಕೊಟ್ಟುಬಿಡಿ ಅಂತ ಮನೆಯವರು ಕೇಳಿದರು. ಗಾಡಿ ಹೋಗುವ ಬಾಗಿಲಿಗೆ ಅದು ಆಗುವ ಮಾತಲ್ಲ. ಆಗುವ ಕಡೆಯೂ ಒಂದು ವಿಷಯ ನೋಡಲೇಬೇಕು: ಕಂಬ ಭಾರ ಹೊರಲು ಶುರುಮಾಡಿದರೆ ಆ ಜಾಗದಲ್ಲಿ ಲಿಂಟಲ್ ತಿರುಗುಮುರುಗಾಗಿ ಬಾಗುತ್ತದೆ. ಎಳೆತ ಮೇಲಕ್ಕೆ ಬರುತ್ತದೆ, ಅಲ್ಲಿ ಮೇಲೆ ಸಾಕಷ್ಟು ಕಂಬಿ ಇರಬೇಕು. ಕಂಬಕ್ಕೆ ಸ್ವಂತ ಪಾಯವೂ ಬೇಕು, ನೆಲದ ಮೇಲೆ ಸುಮ್ನೆ ನಿಲ್ಲಿಸಿದರೆ ಅದು ಕೂತುಬಿಡುತ್ತದೆ.

ಕೊನೆಗೆ ಹಳೆಯದನ್ನು ತೆಗೆದು ಹೊಸದು ಹಾಕುವುದೇ ಸರಿ ಅನ್ನಿಸಿತು. ಸ್ಲ್ಯಾಬ್ ಈ ಗೋಡೆ ಮೇಲೆ ಕೂತಿಲ್ಲ ಅಂತ ಖಾತ್ರಿ ಇದ್ದರೂ ಅದಕ್ಕೂ ಪ್ರಾಪ್ ಕೊಟ್ಟೆವು. ಮೇಲಿನ ಇಟ್ಟಿಗೆಯನ್ನು ವರಸೆ ವರಸೆಯಾಗಿ ಮೇಲಿಂದ ಇಳಿಸಿ, ಲಿಂಟಲ್‌ನ್ನು ತುಂಡು ಮಾಡಿ ತೆಗೆದೆವು. ಹೊಸದಕ್ಕೆ 12 ಇಂಚು ಎತ್ತರ, ಕೆಳಗೆ 12 ಎಂಎಂ ಎರಡು, ಮೇಲೆ 10 ಎಂಎಂ ಎರಡು, 6 ಇಂಚಿಗೊಂದು 8 ಎಂಎಂ ರಿಂಗ್, ಎರಡೂ ಕಡೆ 9 ಇಂಚು ಕೂರುವಂತೆ. ಈ ಅಳತೆ ಈ ಗೋಡೆಗೆ, ಈ ಭಾರಕ್ಕೆ. ಸ್ಲ್ಯಾಬ್ ಅಥವಾ ಮೇಲಂತಸ್ತು ನಿಮ್ಮ ಲಿಂಟಲ್ ಮೇಲೆ ಕೂತಿದ್ದರೆ ಇದನ್ನು ನಕಲು ಮಾಡಬೇಡಿ, ಬೇರೆ ಲೆಕ್ಕ ಬೇಕು.

ಕಂಬಿ ಕಟ್ಟಿದ್ದು ಆ ಹುಡುಗನೇ. 25 ಮಿ.ಮೀ. ಕವರ್ ಬ್ಲಾಕ್‌ಗಳನ್ನು ತಾನೇ ಗಾರೆಯಲ್ಲಿ ಹೊಯ್ದು ಒಣಗಿಸಿ ತಂದಿದ್ದ. ಕಾಂಕ್ರೀಟ್ ಬೀಳುವ ಮುಂಚೆ ಪ್ರತಿ ಬ್ಲಾಕ್ ಪಕ್ಕದಲ್ಲೂ ಟೇಪ್ ಇಟ್ಟು ಅಳೆದ.

## ಪ್ರಾಪ್ ಬಿಚ್ಚಿದ ಮೇಲೆ ನೋಡಬೇಕಾದ್ದು

14 ದಿನ ಕಳೆದ ಮೇಲೆ ನಡುವಿನ ಪ್ರಾಪ್ ಮೊದಲು ಸಡಿಲಿಸಿ, ಆಮೇಲೆ ತುದಿಯವು. ನಡುವಿನದನ್ನು ಕೊನೆಗೆ ಉಳಿಸಿದರೆ ಅದೇ ಕಂಬದಂತೆ ನಿಂತು ಲಿಂಟಲ್‌ನ್ನು ತಿರುಗುಮುರುಗು ಬಾಗಿಸುತ್ತದೆ. ಬಿಚ್ಚುವ ಮುಂಚೆ ದಾರ ಕಟ್ಟಿ ಅಳತೆ ಬರೆದಿಟ್ಟುಕೊಳ್ಳಿ, ಗೋಡೆ ಕಟ್ಟಿದ ಮೇಲೆ ಮತ್ತೆ ಅಳೆಯಿರಿ. ಈ ಲಿಂಟಲ್‌ಗೆ ಲೆಕ್ಕದಲ್ಲಿ ಬರುವ ಇಳಿತ ಅರ್ಧ ಮಿ.ಮೀ. ಹತ್ತಿರ, ಕಾಲ ಕಳೆದಂತೆ ಒಂದೂವರೆ ಆಗಬಹುದು. ದಾರದಲ್ಲಿ ಅದು ಗೊತ್ತಾಗುವುದೇ ಕಷ್ಟ. ಎರಡು ಮೂರು ಮಿ.ಮೀ. ಕಣ್ಣಿಗೆ ಕಾಣುವಂತೆ ಇಳಿದಿದ್ದರೆ, ಅಥವಾ ಕೆಳಗೆ ಹೊಸ ಬಿರುಕು ಬಂದಿದ್ದರೆ, ಪ್ರಾಪ್ ವಾಪಸ್ ಹಾಕಿ ಎಂಜಿನಿಯರ್‌ಗೆ ಕರೆ ಮಾಡಿ.

ಬಾಗಿಲ ಚೌಕಟ್ಟಿನ ಮೇಲ್ಪಟ್ಟಿಗೂ ಲಿಂಟಲ್‌ಗೂ ನಡುವೆ 10 ಮಿ.ಮೀ. ಬಿಟ್ಟು, ಆ ಸಂದಿಗೆ ಸಿಮೆಂಟ್ ತುಂಬದೆ ಮೆತ್ತನೆಯ ಫೋಮ್ ಪಟ್ಟಿ ಇಟ್ಟು ಮುಚ್ಚಿ.